ಮಾರ್ಚ್ 31ರ ಕೊನೆಯ ಎಂಟ್ರಿಗಳು

ವರ್ಷವಿಡೀ ಬೇರೆ ಬೇರೆ ಖಾತೆಗಳಲ್ಲಿ ಕೂಡಿಬಂದ ಆದಾಯ ಮತ್ತು ಖರ್ಚುಗಳನ್ನು ಲಾಭ-ನಷ್ಟ ಖಾತೆಗೆ ಸಾಗಿಸಿ, ಅಲ್ಲಿ ಉಳಿದ ಲಾಭವನ್ನೋ ನಷ್ಟವನ್ನೋ ಮಾಲೀಕನ ಬಂಡವಾಳ ಖಾತೆಗೆ ಸೇರಿಸುವ ಜರ್ನಲ್ ಎಂಟ್ರಿಗಳಿಗೆ ಮುಕ್ತಾಯ ಎಂಟ್ರಿಗಳು ಎಂದು ಹೆಸರು. ಪೇಟೆಯ ಮಾತಿನಲ್ಲಿ ಇವು ಕ್ಲೋಸಿಂಗ್ ಎಂಟ್ರಿಗಳು. ಇವುಗಳನ್ನು ಬರೆಯುವಾಗ ಗಲ್ಲಾಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗುವುದಿಲ್ಲ, ಒಂದು ರೂಪಾಯಿಯೂ ಒಳಗೆ ಬರುವುದಿಲ್ಲ. ಲೆಕ್ಕ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಸ್ಥಳ ಬದಲಿಸುತ್ತದೆ, ಅಷ್ಟೆ. ಆದರೂ ಅಂಗಡಿ ಈ ವರ್ಷ ಎಷ್ಟು ದುಡಿಯಿತು, ಮಾಲೀಕನಿಗೆ ಸೇರಬೇಕಾದದ್ದು ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಪುಸ್ತಕದಲ್ಲಿ ಕೂರುವುದು ಈ ಎಂಟ್ರಿಗಳಾದ ಮೇಲೆಯೇ.

ಇವು ಯಾಕೆ ಬೇಕು ಎಂದು ತಿಳಿಯಲು ಬಂಡವಾಳ ಖಾತೆಯಿಂದ ಶುರುಮಾಡುವುದು ಒಳ್ಳೆಯದು. ಲೆಕ್ಕದ ಕಣ್ಣಿನಲ್ಲಿ ಅಂಗಡಿಯೇ ಬೇರೆ, ಅದರ ಮಾಲೀಕನೇ ಬೇರೆ. ಮಾಲೀಕ ಹಾಕಿದ ಹಣ ಅಂಗಡಿಯು ಅವನಿಗೆ ಕೊಡಬೇಕಾದ ಬಾಕಿ. ಅದನ್ನು ತೋರಿಸುವುದೇ ಬಂಡವಾಳ ಖಾತೆ. ಕೊಡಬೇಕಾದದ್ದು ಆದ್ದರಿಂದ ಅದರ ಶಿಲ್ಕು ಬಲಬದಿಗೆ, ಅಂದರೆ ಕ್ರೆಡಿಟ್ ಬದಿಗೆ ನಿಲ್ಲುತ್ತದೆ. ಅಂಗಡಿಗೆ ಆದಾಯ ಬಂದರೆ ಅದು ಮಾಲೀಕನ ಪಾಲನ್ನು ಹೆಚ್ಚಿಸುತ್ತದೆ. ಖರ್ಚಾದರೆ ಅವನ ಪಾಲು ಕರಗುತ್ತದೆ. ಹಾಗಾದರೆ ಪ್ರತಿ ಮಾರಾಟವನ್ನೂ ಬಂಡವಾಳ ಖಾತೆಗೆ ಕ್ರೆಡಿಟ್ ಮಾಡಿ, ಪ್ರತಿ ಬಾಡಿಗೆಯನ್ನೂ ಅದೇ ಖಾತೆಗೆ ಡೆಬಿಟ್ ಮಾಡಿದರೂ ಲೆಕ್ಕ ತಪ್ಪಾಗುವುದಿಲ್ಲ. ವರ್ಷದ ಕೊನೆಗೆ ಮಾಲೀಕನ ಪಾಲು ಸರಿಯಾಗಿಯೇ ಸಿಗುತ್ತದೆ. ಸಿಗದೆ ಹೋಗುವುದು ಕಾರಣ. ಬಾಡಿಗೆಗೆ ಹೋದದ್ದೆಷ್ಟು, ಸಂಬಳಕ್ಕೆ ಹೋದದ್ದೆಷ್ಟು, ಸರಕಿನ ಮೇಲೆ ಸಿಕ್ಕ ಲಾಭವೆಷ್ಟು ಎಂಬುದೆಲ್ಲ ಸಾವಿರಾರು ಸಾಲುಗಳ ನಡುವೆ ಹೂತುಹೋಗುತ್ತದೆ.

ಅದಕ್ಕಾಗಿ ಬಂಡವಾಳ ಖಾತೆಯ ಕೆಲಸವನ್ನು ಒಂದು ವರ್ಷದ ಮಟ್ಟಿಗೆ ಹಂಚಿಕೊಡುತ್ತಾರೆ. ಮಾರಾಟಕ್ಕೊಂದು ಖಾತೆ, ಖರೀದಿಗೊಂದು, ಬಾಡಿಗೆಗೊಂದು, ಸಂಬಳಕ್ಕೊಂದು. ಪಠ್ಯಪುಸ್ತಕಗಳು ಇವನ್ನು ನಾಮಮಾತ್ರ ಖಾತೆಗಳು ಎನ್ನುತ್ತವೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು, ಏಕೆಂದರೆ ಅವುಗಳಲ್ಲಿರುವ ಮೊತ್ತ ನಿಜವಾದದ್ದೇ. ನಗದು, ಬ್ಯಾಂಕು, ಪೀಠೋಪಕರಣ ಇವುಗಳ ಹಿಂದೆ ಕಣ್ಣಿಗೆ ಕಾಣುವ ಅಥವಾ ಕೇಳಿ ಪಡೆಯಬಹುದಾದ ಒಂದು ಸ್ವತ್ತು ಇದೆ. ಬಾಡಿಗೆ ಖಾತೆಯ ಹಿಂದೆ ಹಾಗೆ ಯಾವುದೂ ಉಳಿದಿರುವುದಿಲ್ಲ ಎಂಬುದಷ್ಟೇ ಆ ಹೆಸರಿನ ಅರ್ಥ. ಅವು ಬಂಡವಾಳ ಖಾತೆಯಿಂದ ವರ್ಷದ ಮಟ್ಟಿಗೆ ಕವಲೊಡೆದ ಖಾತೆಗಳು. ವರ್ಷ ಮುಗಿದಾಗ ಮರಳಿ ಅಲ್ಲಿಗೇ ಸೇರಬೇಕು. ಹಾಗೆ ಸೇರಿಸುವ ಕೆಲಸವೇ ಮುಕ್ತಾಯ ಎಂಟ್ರಿ.

ಈ ಕ್ರಮ ಇಂದು ನಿನ್ನೆಯದಲ್ಲ. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದೊಳಗೆ ಅಲ್ಲಿನ ವರ್ತಕರ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ. ಖರ್ಚು ಮತ್ತು ಆದಾಯದ ಖಾತೆಗಳನ್ನು ಲಾಭ-ನಷ್ಟದ ಖಾತೆಗೆ ಮುಗಿಸಿ, ಅದನ್ನು ಬಂಡವಾಳದ ಖಾತೆಗೆ ಮುಗಿಸಬೇಕು ಎಂಬ ಸೂಚನೆ ಅಲ್ಲಿಯೇ ಇದೆ. ಐನೂರು ವರ್ಷಗಳಲ್ಲಿ ಕಾಗದ, ಲೇಖನಿ, ನಾಣ್ಯ ಎಲ್ಲ ಬದಲಾದರೂ ಈ ಎರಡು ಮೆಟ್ಟಿಲುಗಳು ಬದಲಾಗಿಲ್ಲ.

ವರ್ಷ ಮುಗಿಯುವ ದಿನ ಮಾತ್ರ ಬದಲಾಗಿದೆ. ನಮ್ಮ ಪೇಟೆಗಳಲ್ಲಿ ದೀಪಾವಳಿಗೆ ಹಳೆಯ ವಹಿ ಮುಚ್ಚಿ, ಹೊಸ ಪುಸ್ತಕಕ್ಕೆ ಅರಿಶಿನ-ಕುಂಕುಮ ಹಚ್ಚಿ ಪೂಜಿಸುವ ರೂಢಿ ಇಂದಿಗೂ ಇದೆ. ಹಿಂದೆ ವರ್ತಕರು ದೀಪಾವಳಿಯಿಂದ ದೀಪಾವಳಿಗೆ ಲೆಕ್ಕದ ವರ್ಷ ಇಟ್ಟುಕೊಂಡು ಆದಾಯ ತೆರಿಗೆಗೂ ಅದನ್ನೇ ಒಪ್ಪಿಸಬಹುದಿತ್ತು. 1989-90ರ ತೆರಿಗೆ ನಿರ್ಧಾರಣಾ ವರ್ಷದಿಂದ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31ರ ವರ್ಷವೇ ಕಡ್ಡಾಯವಾಯಿತು. ಪೂಜೆ ದೀಪಾವಳಿಯಲ್ಲೇ ಉಳಿಯಿತು, ಮುಕ್ತಾಯ ಎಂಟ್ರಿ ಮಾರ್ಚ್‌ಗೆ ಬಂತು.

ಒಂದು ಅಂಗಡಿಯ ಲೆಕ್ಕ

ತಾಲ್ಲೂಕು ಕೇಂದ್ರವೊಂದರಲ್ಲಿ ಒಬ್ಬರೇ ಮಾಲೀಕರಿರುವ ಪುಸ್ತಕ ಮತ್ತು ಸ್ಟೇಷನರಿ ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಬಾಡಿಗೆ ಮಳಿಗೆ, ಒಬ್ಬ ಕೆಲಸದ ಹುಡುಗ, ಬದಿಯಲ್ಲಿ ಸಣ್ಣದಾಗಿ ಮೊಬೈಲ್ ರೀಚಾರ್ಜ್. 2025ರ ಮಾರ್ಚ್ 31ಕ್ಕೆ ಅದರ ವರ್ಷ ಮುಗಿಯುತ್ತದೆ.

ಮುಕ್ತಾಯಕ್ಕೆ ಕೈಹಾಕುವ ಮೊದಲು ಇನ್ನೊಂದು ಬಗೆಯ ಎಂಟ್ರಿಗಳು ಮುಗಿದಿರಬೇಕು. ಅವು ಹೊಂದಾಣಿಕೆ ಎಂಟ್ರಿಗಳು. ಮಳಿಗೆಯ ಬಾಡಿಗೆ ತಿಂಗಳಿಗೆ 8,000 ರೂಪಾಯಿ. ಮಾರ್ಚ್ ಬಾಡಿಗೆಯನ್ನು ಏಪ್ರಿಲ್ 5ಕ್ಕೆ ಕೊಡುವ ವಾಡಿಕೆ. ಹೀಗಾಗಿ ಮಾರ್ಚ್ 31ರಂದು ಪುಸ್ತಕದಲ್ಲಿರುವುದು ಹನ್ನೊಂದೇ ತಿಂಗಳ ಬಾಡಿಗೆ, 88,000. ಆದರೆ ಮಳಿಗೆಯನ್ನು ಬಳಸಿದ್ದು ಹನ್ನೆರಡು ತಿಂಗಳು. ಬಾಡಿಗೆ ಖಾತೆಗೆ 8,000 ಡೆಬಿಟ್ ಮಾಡಿ, ಕೊಡಬೇಕಾದ ಬಾಡಿಗೆ ಎಂಬ ಖಾತೆಗೆ ಅಷ್ಟೇ ಕ್ರೆಡಿಟ್ ಮಾಡಿದಾಗ ಬಾಡಿಗೆ 96,000 ಆಗುತ್ತದೆ. ಹಾಗೆಯೇ 90,000 ರೂಪಾಯಿಯ ಕಪಾಟು ಮತ್ತು ಕೌಂಟರಿನ ಮೇಲೆ ಶೇಕಡಾ 10ರಂತೆ 9,000 ಸವಕಳಿ ಬರೆಯಲಾಗಿದೆ. ಪೀಠೋಪಕರಣದ ಬೆಲೆ ಪುಸ್ತಕದಲ್ಲಿ 81,000ಕ್ಕೆ ಇಳಿದಿದೆ. ಇದಾಗದೆ ಖಾತೆಗಳನ್ನು ಮುಚ್ಚಿದರೆ ಮುಚ್ಚುವ ಕ್ರಮ ಎಷ್ಟೇ ಸರಿಯಿದ್ದರೂ ಲಾಭ ಮಾತ್ರ ತಪ್ಪಾಗಿ ಬರುತ್ತದೆ.

ಹೊಂದಾಣಿಕೆಯ ನಂತರದ ತಾಳೆ ಪಟ್ಟಿಯಲ್ಲಿ ಡೆಬಿಟ್ ಬದಿಗೆ ನಗದು 18,000, ಬ್ಯಾಂಕು 92,000, ಉದ್ರಿ ಕೊಟ್ಟ ಗಿರಾಕಿಗಳಿಂದ ಬರಬೇಕಾದದ್ದು 46,000, ಪೀಠೋಪಕರಣ 81,000, ವರ್ಷದ ಆರಂಭದ ದಾಸ್ತಾನು 2,40,000, ಖರೀದಿ 11,20,000, ಸರಕು ತರಿಸಿದ ಸಾಗಣೆ 18,000, ಬಾಡಿಗೆ 96,000, ಸಂಬಳ 1,20,000, ವಿದ್ಯುತ್ ಮತ್ತು ಫೋನು 14,000, ಸವಕಳಿ 9,000, ಮಾಲೀಕರು ಮನೆಗೆಂದು ತೆಗೆದದ್ದು 1,80,000. ಕ್ರೆಡಿಟ್ ಬದಿಗೆ ಮಾರಾಟ 15,60,000, ರೀಚಾರ್ಜ್ ಕಮಿಷನ್ 12,000, ಸರಕು ಕೊಟ್ಟವರಿಗೆ ಸಲ್ಲಬೇಕಾದದ್ದು 64,000, ಕೊಡಬೇಕಾದ ಬಾಡಿಗೆ 8,000, ಬಂಡವಾಳ 3,90,000. ಎರಡೂ ಬದಿಯ ಮೊತ್ತ 20,34,000.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಂಡವಾಳ 3,90,000 ಎಂದಿದೆಯಲ್ಲ, ಅದು ಕಳೆದ ವರ್ಷ ಏಪ್ರಿಲ್ 1ರ ಅಂಕಿ. ಹನ್ನೆರಡು ತಿಂಗಳು ವ್ಯಾಪಾರ ನಡೆದರೂ ಅದು ಕದಲಿಲ್ಲ. ವರ್ಷದ ದುಡಿಮೆಯೆಲ್ಲ ಇನ್ನೂ ಮಾರಾಟ, ಖರೀದಿ, ಬಾಡಿಗೆ, ಸಂಬಳಗಳ ಖಾತೆಗಳಲ್ಲಿ ಚದುರಿಕೊಂಡಿದೆ. ಈಗ ಅದನ್ನು ಒಟ್ಟುಗೂಡಿಸಬೇಕು.

ಮೊದಲ ನಿಲ್ದಾಣ: ವ್ಯಾಪಾರ ಖಾತೆ

ಸರಕು ಮಾರುವ ಅಂಗಡಿಗಳಲ್ಲಿ ಲಾಭ-ನಷ್ಟ ಖಾತೆಗೆ ಮುಂಚೆ ವ್ಯಾಪಾರ ಖಾತೆ ಎಂಬುದೊಂದಿದೆ. ಸರಕಿಗೆ ನೇರವಾಗಿ ಸೇರಿದ್ದು ಮಾತ್ರ ಇಲ್ಲಿಗೆ ಬರುತ್ತದೆ. ಆರಂಭದ ದಾಸ್ತಾನು, ಖರೀದಿ, ಸಾಗಣೆ ಈ ಮೂರೂ ಡೆಬಿಟ್ ಶಿಲ್ಕಿನ ಖಾತೆಗಳು. ಒಂದು ಖಾತೆಯನ್ನು ಸೊನ್ನೆಗೆ ತರಬೇಕಾದರೆ ಅದರಲ್ಲಿರುವ ಶಿಲ್ಕಿಗೆ ಎದುರಾದ ಬದಿಯಲ್ಲಿ ಅಷ್ಟೇ ಮೊತ್ತ ಬರೆಯಬೇಕು. ಮುಕ್ತಾಯ ಎಂಟ್ರಿಯ ಇಡೀ ತಂತ್ರ ಇಷ್ಟೇ. ಆದ್ದರಿಂದ ಈ ಮೂರು ಖಾತೆಗಳನ್ನೂ ಕ್ರೆಡಿಟ್ ಮಾಡಿ, ಅವುಗಳ ಒಟ್ಟು ಮೊತ್ತ 13,78,000ವನ್ನು ವ್ಯಾಪಾರ ಖಾತೆಗೆ ಡೆಬಿಟ್ ಮಾಡುತ್ತಾರೆ. ಮಾರಾಟದ ಶಿಲ್ಕು ಕ್ರೆಡಿಟ್ ಬದಿಗಿದೆ. ಅದನ್ನು 15,60,000ಕ್ಕೆ ಡೆಬಿಟ್ ಮಾಡಿ, ವ್ಯಾಪಾರ ಖಾತೆಗೆ ಕ್ರೆಡಿಟ್ ಕೊಡುತ್ತಾರೆ.

ಇನ್ನೂ ಒಂದು ಬಾಕಿ ಇದೆ. ಖರೀದಿಸಿದ್ದೆಲ್ಲ ಮಾರಾಟವಾಗಿಲ್ಲ. ಮಾರ್ಚ್ 31ರ ಸಂಜೆ ಬಾಗಿಲು ಎಳೆದ ಮೇಲೆ ಕಪಾಟಿನಲ್ಲಿ ಉಳಿದ ನೋಟುಪುಸ್ತಕ, ಪೆನ್ನು, ಮಾರ್ಗದರ್ಶಿಗಳನ್ನು ಎಣಿಸಿ ಬೆಲೆ ಕಟ್ಟಬೇಕು. ಕೊಂಡ ಬೆಲೆ ಮತ್ತು ಈಗ ಮಾರಿದರೆ ಕೈಗೆ ಬರಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ದಾಸ್ತಾನಿನ ಬೆಲೆ. ಪಠ್ಯಕ್ರಮ ಬದಲಾಗಿ ಯಾರೂ ಕೊಳ್ಳದೆ ಉಳಿದ ಹಳೆಯ ಮಾರ್ಗದರ್ಶಿಗಳನ್ನು ಕೊಂಡ ಬೆಲೆಗೇ ಬರೆದಿಟ್ಟರೆ ಇಲ್ಲದ ಲಾಭ ಇದ್ದಂತೆ ಕಾಣುತ್ತದೆ. ನಮ್ಮ ಅಂಗಡಿಯಲ್ಲಿ ಹೀಗೆ ಎಣಿಸಿದಾಗ ಬಂದದ್ದು 2,70,000. ಅದನ್ನು ದಾಸ್ತಾನು ಖಾತೆಗೆ ಡೆಬಿಟ್ ಮಾಡಿ, ವ್ಯಾಪಾರ ಖಾತೆಗೆ ಕ್ರೆಡಿಟ್ ಮಾಡಲಾಗುತ್ತದೆ. ಈ ಒಂದು ಎಂಟ್ರಿ ಉಳಿದವುಗಳಂತಲ್ಲ. ಉಳಿದವು ಇರುವ ಖಾತೆಯನ್ನು ಮುಚ್ಚುತ್ತವೆ. ಇದು ಪುಸ್ತಕದಲ್ಲಿ ಇಲ್ಲದ ಸ್ವತ್ತೊಂದನ್ನು ಎಣಿಕೆಯ ಆಧಾರದ ಮೇಲೆ ಪುಸ್ತಕಕ್ಕೆ ತರುತ್ತದೆ. ಲಾಭ ಸುಳ್ಳಾಗುವುದಕ್ಕೆ ಅತಿ ಸುಲಭವಾದ ಜಾಗವೂ ಇದೇ. ಎಣಿಕೆಯಲ್ಲಿ ಹತ್ತು ಸಾವಿರ ಹೆಚ್ಚು ಬರೆದರೆ ಲಾಭವೂ ಸರಿಯಾಗಿ ಹತ್ತು ಸಾವಿರ ಹೆಚ್ಚುತ್ತದೆ. ಅದೇ ಅಂಕಿ ಮುಂದಿನ ವರ್ಷದ ಆರಂಭದ ದಾಸ್ತಾನಾಗಿ ಡೆಬಿಟ್ ಬದಿಗೆ ಬರುವುದರಿಂದ, ಆಗ ಎಣಿಕೆ ಸರಿಯಾಗಿದ್ದರೆ ಆ ವರ್ಷದ ಲಾಭ ಅಷ್ಟೇ ತಗ್ಗುತ್ತದೆ.

ಈಗ ವ್ಯಾಪಾರ ಖಾತೆಯ ಕ್ರೆಡಿಟ್ ಬದಿಯಲ್ಲಿ 18,30,000, ಡೆಬಿಟ್ ಬದಿಯಲ್ಲಿ 13,78,000 ಇದೆ. ವ್ಯತ್ಯಾಸ 4,52,000. ಇದು ಒಟ್ಟು ಲಾಭ. ವ್ಯಾಪಾರ ಖಾತೆಗೆ 4,52,000 ಡೆಬಿಟ್, ಲಾಭ-ನಷ್ಟ ಖಾತೆಗೆ ಅಷ್ಟೇ ಕ್ರೆಡಿಟ್. ಇಲ್ಲಿಗೆ ವ್ಯಾಪಾರ ಖಾತೆ ಸೊನ್ನೆಯಾಗುತ್ತದೆ.

ಲಾಭ-ನಷ್ಟ ಖಾತೆ

ಮುಂದಿನದು ನೇರ. ಕಮಿಷನ್ ಖಾತೆಯನ್ನು 12,000ಕ್ಕೆ ಡೆಬಿಟ್ ಮಾಡಿ ಲಾಭ-ನಷ್ಟಕ್ಕೆ ಕ್ರೆಡಿಟ್ ಮಾಡಿದರೆ ಅದು ಮುಗಿಯಿತು. ಬಾಡಿಗೆ 96,000, ಸಂಬಳ 1,20,000, ವಿದ್ಯುತ್ ಮತ್ತು ಫೋನು 14,000, ಸವಕಳಿ 9,000 ಇವುಗಳನ್ನು ಒಂದೊಂದಾಗಿ ಕ್ರೆಡಿಟ್ ಮಾಡಿ, ಒಟ್ಟು 2,39,000ವನ್ನು ಲಾಭ-ನಷ್ಟ ಖಾತೆಗೆ ಡೆಬಿಟ್ ಮಾಡಬೇಕು. ಒಂದೇ ಎಂಟ್ರಿಯಲ್ಲಿ ಎಲ್ಲವನ್ನೂ ಬರೆಯಬಹುದು, ಖರ್ಚಿಗೊಂದರಂತೆ ನಾಲ್ಕು ಬರೆಯಬಹುದು. ಹೇಗೆ ಬರೆದರೂ ಲೆಡ್ಜರ್‌ನಲ್ಲಿ ಲಾಭ-ನಷ್ಟ ಖಾತೆಗೆ ಏರಿಸುವಾಗ ಪ್ರತಿ ಖರ್ಚಿನ ಹೆಸರು ಮತ್ತು ಮೊತ್ತ ಬೇರೆ ಬೇರೆಯಾಗಿ ಕಾಣಬೇಕು. ಎಲ್ಲವನ್ನೂ ಕೂಡಿಸಿ ‘ಖರ್ಚುಗಳು 2,39,000’ ಎಂದು ಒಂದೇ ಸಾಲು ಬರೆದರೆ, ಹನ್ನೆರಡು ತಿಂಗಳು ಬೇರೆ ಬೇರೆ ಖಾತೆ ಇಟ್ಟ ಶ್ರಮವೇ ವ್ಯರ್ಥವಾಗುತ್ತದೆ.

ಲಾಭ-ನಷ್ಟ ಖಾತೆಯ ಕ್ರೆಡಿಟ್ ಬದಿ 4,64,000, ಡೆಬಿಟ್ ಬದಿ 2,39,000. ಉಳಿದದ್ದು 2,25,000. ಅದೇ ನಿವ್ವಳ ಲಾಭ.

ಮುಚ್ಚಿದ ಖಾತೆ ಪುಟದ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೊಸಬರು ತಡವರಿಸುವುದು ಇಲ್ಲಿಯೇ. ಬಾಡಿಗೆ ಖಾತೆಯ ಎಡಬದಿಯಲ್ಲಿ ಹನ್ನೆರಡು ತಿಂಗಳ ಸಾಲುಗಳಿವೆ. ಬಲಬದಿಯಲ್ಲಿ ಮಾರ್ಚ್ 31ರ ದಿನಾಂಕ ಹಾಕಿ ‘ಲಾಭ-ನಷ್ಟ ಖಾತೆಯಿಂದ 96,000’ ಎಂದು ಒಂದೇ ಸಾಲು ಬರುತ್ತದೆ. ಎರಡೂ ಬದಿ 96,000 ಆದ ಮೇಲೆ ಕೆಳಗೆ ಜೋಡಿ ಗೆರೆ ಎಳೆಯುತ್ತಾರೆ. ಆ ಗೆರೆಯ ಕೆಳಗೆ ಏನೂ ಉಳಿಯುವುದಿಲ್ಲ. ನಗದು ಖಾತೆಯ ಕೊನೆಯಲ್ಲೂ ಎರಡು ಬದಿ ಸಮ ಮಾಡಿ ಗೆರೆ ಎಳೆಯುತ್ತಾರೆ, ಆದರೆ ಅಲ್ಲಿ ಬರೆಯುವುದು ‘ಶಿಲ್ಕು ಮುಂದಕ್ಕೆ 18,000’ ಎಂದು. ಗೆರೆಯ ಕೆಳಗೆ ಏಪ್ರಿಲ್ 1ರ ದಿನಾಂಕದಲ್ಲಿ ಅದೇ 18,000 ಮತ್ತೆ ಕಾಣಿಸಿಕೊಳ್ಳುತ್ತದೆ. ನೋಡಲು ಎರಡೂ ಒಂದೇ ತರಹ. ಕೆಲಸ ಬೇರೆ. ನಗದು ಖಾತೆಯಲ್ಲಿ ನಡೆದದ್ದು ಶಿಲ್ಕು ತೆಗೆಯುವುದು, ಅದಕ್ಕೆ ಜರ್ನಲ್ ಎಂಟ್ರಿ ಬೇಕಿಲ್ಲ. ಬಾಡಿಗೆ ಖಾತೆಯಲ್ಲಿ ನಡೆದದ್ದು ಖಾತೆಯನ್ನೇ ಮುಗಿಸುವುದು, ಅದಕ್ಕೆ ಜರ್ನಲ್ ಎಂಟ್ರಿ ಬೇಕೇ ಬೇಕು.

ಬಂಡವಾಳಕ್ಕೆ

ಎರಡನೆಯ ಮೆಟ್ಟಿಲಿನಲ್ಲಿ ಇರುವುದು ಎರಡೇ ಎಂಟ್ರಿ. ಲಾಭ-ನಷ್ಟ ಖಾತೆಗೆ 2,25,000 ಡೆಬಿಟ್, ಬಂಡವಾಳ ಖಾತೆಗೆ 2,25,000 ಕ್ರೆಡಿಟ್. ವರ್ಷ ನಷ್ಟದಲ್ಲಿ ಮುಗಿದಿದ್ದರೆ ಲಾಭ-ನಷ್ಟ ಖಾತೆಯ ಶಿಲ್ಕು ಡೆಬಿಟ್ ಬದಿಗೆ ನಿಲ್ಲುತ್ತಿತ್ತು, ಎಂಟ್ರಿ ತಿರುಗುಮುರುಗಾಗುತ್ತಿತ್ತು, ಮಾಲೀಕರ ಬಂಡವಾಳ ಅಷ್ಟು ಕರಗುತ್ತಿತ್ತು.

ಇನ್ನೊಂದು, ಮಾಲೀಕರು ವರ್ಷದಲ್ಲಿ ಮನೆಗೆಂದು ತೆಗೆದ 1,80,000ದ ಖಾತೆ. ಇದನ್ನು ಡ್ರಾಯಿಂಗ್ಸ್ ಎನ್ನುತ್ತಾರೆ. ಮನೆಯ ದಿನಸಿ, ಮಕ್ಕಳ ಶಾಲೆಯ ಶುಲ್ಕ, ಜೀವವಿಮೆಯ ಕಂತು, ಮಾಲೀಕರು ಕಟ್ಟಿದ ಸ್ವಂತ ಆದಾಯ ತೆರಿಗೆ ಇವೆಲ್ಲ ಅಂಗಡಿಯ ಬ್ಯಾಂಕ್ ಖಾತೆಯಿಂದ ಹೋಗಿದ್ದರೂ ಅಂಗಡಿಯ ಖರ್ಚುಗಳಲ್ಲ. ಡ್ರಾಯಿಂಗ್ಸ್ ಖಾತೆ ಲಾಭ-ನಷ್ಟದ ಬಾಗಿಲಿಗೇ ಹೋಗುವುದಿಲ್ಲ. ಬಂಡವಾಳ ಖಾತೆಗೆ 1,80,000 ಡೆಬಿಟ್, ಡ್ರಾಯಿಂಗ್ಸ್‌ಗೆ ಕ್ರೆಡಿಟ್ ಮಾಡಿ ನೇರವಾಗಿ ಮುಚ್ಚುತ್ತಾರೆ. 3,90,000ಕ್ಕೆ 2,25,000 ಸೇರಿ, 1,80,000 ಕಳೆದು, ಬಂಡವಾಳ ಖಾತೆಯ ಹೊಸ ಶಿಲ್ಕು 4,35,000.

ಇದು ಸರಿಯೇ ಎಂದು ನೋಡಲು ಉಳಿದ ಖಾತೆಗಳನ್ನು ಜೋಡಿಸಿದರಾಯಿತು. ನಗದು 18,000, ಬ್ಯಾಂಕು 92,000, ಗಿರಾಕಿಗಳ ಬಾಕಿ 46,000, ದಾಸ್ತಾನು 2,70,000, ಪೀಠೋಪಕರಣ 81,000 ಸೇರಿ ಸ್ವತ್ತು 5,07,000. ಸರಕು ಕೊಟ್ಟವರಿಗೆ 64,000, ಮಳಿಗೆಯ ಒಡೆಯರಿಗೆ 8,000, ಮಾಲೀಕರಿಗೆ 4,35,000 ಸೇರಿ ಕೊಡಬೇಕಾದದ್ದೂ 5,07,000. ಇದೇ ಅಢಾವೆ ಪತ್ರಿಕೆ. ಹಳೆಯ 3,90,000ವನ್ನೇ ಇಟ್ಟುಕೊಂಡು ಜೋಡಿಸಿದ್ದರೆ ಎರಡು ಬದಿಗಳ ನಡುವೆ 45,000 ಅಂತರ ಬೀಳುತ್ತಿತ್ತು. ಆ 45,000 ಎಂದರೆ ಈ ವರ್ಷ ದುಡಿದು, ಮನೆಗೆ ಒಯ್ಯದೆ ಅಂಗಡಿಯಲ್ಲೇ ಉಳಿಸಿದ ಲಾಭ.

ಪಾಲುದಾರಿಕೆಯಲ್ಲಿ ನಿವ್ವಳ ಲಾಭವನ್ನು ಒಪ್ಪಂದದಂತೆ ಹಂಚಿ, ಒಬ್ಬೊಬ್ಬ ಪಾಲುದಾರನ ಖಾತೆಗೆ ಬೇರೆ ಬೇರೆಯಾಗಿ ಸೇರಿಸುತ್ತಾರೆ. ಕಂಪನಿಯಲ್ಲಿ ಷೇರು ಬಂಡವಾಳ ಲಾಭದಿಂದ ಹೆಚ್ಚುವುದಿಲ್ಲ. ಲಾಭ ಹೋಗಿ ಸೇರುವುದು ಮೀಸಲು ಮತ್ತು ಮಿಗತೆಯ ತಲೆಬರಹದ ಕೆಳಗೆ. ಮೊದಲ ಮೆಟ್ಟಿಲು ಎಲ್ಲೆಡೆ ಒಂದೇ, ಎರಡನೆಯದು ಒಡೆತನದ ಬಗೆಯಂತೆ ಬದಲಾಗುತ್ತದೆ.

ತಾಳೆಯಾದರೂ ತಪ್ಪಾಗಿರಬಹುದು

ಮುಕ್ತಾಯದ ತಪ್ಪುಗಳಲ್ಲಿ ಅಪಾಯಕಾರಿಯಾದವು ತಾಳೆ ಪಟ್ಟಿಯ ಬಲೆಗೆ ಬೀಳುವುದಿಲ್ಲ. ಎರಡನ್ನು ನಿಧಾನವಾಗಿ ನೋಡಬೇಕು.

ಮೊದಲನೆಯದು ದಿಕ್ಕು ತಪ್ಪಿದ ಎಂಟ್ರಿ. ವಿದ್ಯುತ್ ಮತ್ತು ಫೋನು ಖಾತೆಯನ್ನು ಕ್ರೆಡಿಟ್ ಮಾಡುವ ಬದಲು ಅವಸರದಲ್ಲಿ 14,000 ಡೆಬಿಟ್ ಮಾಡಿ, ಲಾಭ-ನಷ್ಟಕ್ಕೆ ಕ್ರೆಡಿಟ್ ಕೊಟ್ಟರೆ ಏನಾಗುತ್ತದೆ? ಆ ಖಾತೆ ಸೊನ್ನೆಯಾಗುವ ಬದಲು 28,000 ಆಗುತ್ತದೆ. ಲಾಭ-ನಷ್ಟದಲ್ಲಿ 14,000 ಕಳೆಯಬೇಕಾದ ಕಡೆ 14,000 ಸೇರಿ, ಲಾಭ 2,53,000 ಎಂದು ತೋರುತ್ತದೆ. ಡೆಬಿಟ್ಟೂ ಕ್ರೆಡಿಟ್ಟೂ ಸಮವಾಗಿಯೇ ಬಿದ್ದಿರುವುದರಿಂದ ತಾಳೆ ಪಟ್ಟಿ ಚಕಾರವೆತ್ತದೆ ಹೊಂದಿಕೊಳ್ಳುತ್ತದೆ. ಹಿಡಿಯುವ ದಾರಿ ಬೇರೆ. ಮುಕ್ತಾಯವಾದ ಮೇಲೆ ಇನ್ನೊಂದು ತಾಳೆ ಪಟ್ಟಿ ತೆಗೆದು, ಮೊತ್ತಗಳನ್ನಲ್ಲ, ಹೆಸರುಗಳನ್ನು ಓದಬೇಕು. ಅಲ್ಲಿ ಸ್ವತ್ತು, ಸಾಲ, ಬಂಡವಾಳ ಇವು ಮಾತ್ರ ಇರಬೇಕು. ಬಾಡಿಗೆ, ಸಂಬಳ, ಮಾರಾಟ, ವಿದ್ಯುತ್, ಡ್ರಾಯಿಂಗ್ಸ್ ಇಂಥ ಒಂದೇ ಒಂದು ಹೆಸರು ಕಂಡರೂ ಮುಕ್ತಾಯ ಪೂರ್ತಿಯಾಗಿಲ್ಲ. ಕಂಡ ಮೊತ್ತ ಮೂಲ ಶಿಲ್ಕಿನ ಎರಡರಷ್ಟಿದ್ದರೆ ಎಂಟ್ರಿ ತಿರುಗುಮುರುಗಾಗಿದೆ. ಮೂಲ ಶಿಲ್ಕಿನಷ್ಟೇ ಇದ್ದರೆ ಎಂಟ್ರಿ ಬರೆಯುವುದೇ ಮರೆತಿದೆ.

ಎರಡನೆಯದು ಇದಕ್ಕಿಂತ ಆಳದ್ದು. ಡ್ರಾಯಿಂಗ್ಸ್ ಖಾತೆಯನ್ನು ಖರ್ಚೆಂದು ಎಣಿಸಿ ಲಾಭ-ನಷ್ಟಕ್ಕೆ ಮುಚ್ಚಿದರೆಂದು ಇಟ್ಟುಕೊಳ್ಳಬಹುದು. ನಿವ್ವಳ ಲಾಭ 2,25,000ದಿಂದ 45,000ಕ್ಕೆ ಕುಸಿಯುತ್ತದೆ. ಆ 45,000 ಬಂಡವಾಳಕ್ಕೆ ಸೇರಿದಾಗ ಸಿಗುವುದು 4,35,000. ಸರಿಯಾದ ದಾರಿಯಲ್ಲಿ ಬಂದದ್ದೂ ಅದೇ ಅಂಕಿ. ಅಢಾವೆ ಪತ್ರಿಕೆ ಒಂದು ಪೈಸೆಯಷ್ಟೂ ಬದಲಾಗುವುದಿಲ್ಲ, ಮುಕ್ತಾಯದ ನಂತರದ ತಾಳೆ ಪಟ್ಟಿಯಲ್ಲಿ ಬೇಡದ ಹೆಸರೂ ಉಳಿಯುವುದಿಲ್ಲ. ಎರಡೂ ದಾರಿಗಳು ಕೊನೆಗೆ ಬಂಡವಾಳಕ್ಕೇ ಸೇರುವುದರಿಂದ ತಪ್ಪು ತನ್ನ ಗುರುತನ್ನು ತಾನೇ ಅಳಿಸಿಕೊಂಡಿದೆ. ಆದರೆ ಲಾಭದ ಅಂಕಿ ಸುಳ್ಳಾಗಿದೆ. ಆದಾಯ ತೆರಿಗೆ ಕಾನೂನು ಮನೆಯ ಖರ್ಚನ್ನು ವ್ಯಾಪಾರದ ಖರ್ಚೆಂದು ಒಪ್ಪುವುದಿಲ್ಲ, ಹಾಗಾಗಿ ತೆರಿಗೆಯ ಲೆಕ್ಕದಲ್ಲಿ ಇದು ತೊಡಕು. ಸಾಲಕ್ಕೆಂದು ಬ್ಯಾಂಕಿಗೆ ಹೋದರೆ, ಚೆನ್ನಾಗಿ ನಡೆಯುತ್ತಿರುವ ಅಂಗಡಿ ವರ್ಷಕ್ಕೆ 45,000 ಮಾತ್ರ ದುಡಿಯುವ ಅಂಗಡಿಯಾಗಿ ಕಾಣುತ್ತದೆ. ಇದನ್ನು ಹಿಡಿಯಲು ಅಂಕಿಗಳ ಹೊಂದಾಣಿಕೆ ನೆರವಾಗದು. ಲಾಭ-ನಷ್ಟ ಖಾತೆಯ ಪ್ರತಿ ಸಾಲಿನ ಮುಂದೆ ನಿಂತು, ಈ ಹಣ ಹೋದದ್ದು ಅಂಗಡಿಗಾಗಿಯೋ ಮನೆಗಾಗಿಯೋ ಎಂದು ಕೇಳಿಕೊಳ್ಳುವುದೊಂದೇ ದಾರಿ. ಸಣ್ಣ ಅಂಗಡಿಗಳ ಪುಸ್ತಕಗಳಲ್ಲಿ ‘ಇತರೆ ಖರ್ಚು’ ಎಂಬ ಖಾತೆ ದಪ್ಪಗಾಗಿದ್ದರೆ ಮೊದಲು ಅದನ್ನೇ ಬಿಡಿಸಿ ನೋಡುವುದು ಒಳ್ಳೆಯದು.

ಕಂಪ್ಯೂಟರಿನಲ್ಲಿ

ಈಗ ಇಂಥ ಅಂಗಡಿಗಳ ಲೆಕ್ಕ ಬಹುಪಾಲು ಟ್ಯಾಲಿಯಂತಹ ತಂತ್ರಾಂಶದಲ್ಲಿ ನಡೆಯುತ್ತದೆ. ಅಲ್ಲಿ ಬಾಡಿಗೆ, ಸಂಬಳಗಳಿಗೆ ಯಾರೂ ಮುಕ್ತಾಯ ಎಂಟ್ರಿ ಬರೆಯುವುದಿಲ್ಲ. ಖಾತೆಯನ್ನು ತೆರೆಯುವಾಗಲೇ ಅದು ಖರ್ಚಿನ ಗುಂಪಿಗೋ ಆದಾಯದ ಗುಂಪಿಗೋ ಸೇರಿರುವುದರಿಂದ, ಹೊಸ ವರ್ಷದ ಅವಧಿ ಹಾಕಿದ ಕೂಡಲೇ ಅವು ಸೊನ್ನೆಯಿಂದ ಶುರುವಾಗುತ್ತವೆ. ಮೊದಲ ಮೆಟ್ಟಿಲನ್ನು ಯಂತ್ರವೇ ಏರುತ್ತದೆ.

ಎರಡನೆಯ ಮೆಟ್ಟಿಲನ್ನು ಅದು ತಾನಾಗಿ ಏರುವುದಿಲ್ಲ. ಲಾಭವೆಲ್ಲ `Profit & Loss A/c` ಎಂಬ ಖಾತೆಯಲ್ಲೇ ಉಳಿಯುತ್ತದೆ. ಅಢಾವೆ ಪತ್ರಿಕೆಯ ಪರದೆಯಲ್ಲಿ ಆ ಖಾತೆಯ ಕೆಳಗೆ `Opening Balance` ಮತ್ತು `Current Period` ಎಂದು ಎರಡು ಸಾಲುಗಳಿರುತ್ತವೆ. ಮೊದಲ ಸಾಲಿನಲ್ಲಿ ಹಿಂದಿನ ವರ್ಷಗಳ ಲಾಭ ನಿಂತಿದ್ದರೆ, ಅದನ್ನು ಯಾರೂ ಬಂಡವಾಳಕ್ಕೆ ಸಾಗಿಸಿಲ್ಲವೆಂದೇ ಅರ್ಥ. ಎರಡು ಬದಿಗಳು ಸರಿಹೊಂದಿರುವುದರಿಂದ ಎಷ್ಟೋ ಕಡೆ ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ಲಾಭ ಒಂದು ಕಡೆ ಬೆಳೆಯುತ್ತ, ಡ್ರಾಯಿಂಗ್ಸ್ ಇನ್ನೊಂದು ಕಡೆ ಬಂಡವಾಳವನ್ನು ಕರಗಿಸುತ್ತ ಹೋಗಿ, ಕೊನೆಗೆ ಒಳ್ಳೆಯ ಅಂಗಡಿಯ ಬಂಡವಾಳ ಖಾತೆ ಸೊನ್ನೆಗಿಂತ ಕೆಳಗೆ ಇಳಿದಂತೆ ತೋರುವುದೂ ಉಂಟು. ಇದಕ್ಕೆ ಪರಿಹಾರ, `F7` ಒತ್ತಿ ಜರ್ನಲ್ ವೋಚರ್ ತೆರೆದು, ಮಾರ್ಚ್ 31ರ ದಿನಾಂಕದಲ್ಲಿ ಲಾಭ-ನಷ್ಟಕ್ಕೆ ಡೆಬಿಟ್, ಬಂಡವಾಳಕ್ಕೆ ಕ್ರೆಡಿಟ್ ಎಂಬ ಆ ಹಳೆಯ ಎಂಟ್ರಿಯನ್ನೇ ಬರೆಯುವುದು. ಲೆಕ್ಕಪರಿಶೋಧಕರು ಹೇಳಿದ ತಿದ್ದುಪಡಿಗಳೆಲ್ಲ ಮುಗಿದ ಮೇಲೆಯೇ ಇದನ್ನು ಬರೆಯುವುದು ಲೇಸು. ಮೊದಲೇ ಬರೆದು, ಆಮೇಲೆ ಸವಕಳಿಯೋ ದಾಸ್ತಾನೋ ಬದಲಾದರೆ ಲಾಭದ ಸಣ್ಣ ತುಣುಕೊಂದು ಹಳೆಯ ಖಾತೆಯಲ್ಲೇ ಸಿಕ್ಕಿಕೊಳ್ಳುತ್ತದೆ.

ಏಪ್ರಿಲ್‌ನ ಮೊದಲ ವಾರ

ಹೊಸ ವರ್ಷದ ಪುಸ್ತಕ ತೆರೆದಾಗ ಮಾರಾಟದಿಂದ ಹಿಡಿದು ಫೋನಿನ ಬಿಲ್ಲಿನವರೆಗೆ ಎಲ್ಲ ಖಾತೆಗಳೂ ಖಾಲಿ. ಮುಂದಕ್ಕೆ ಬಂದದ್ದು ಸ್ವತ್ತುಗಳು, ಬಾಕಿಗಳು ಮತ್ತು 4,35,000ದ ಬಂಡವಾಳ ಮಾತ್ರ. ಎಣಿಸಿಟ್ಟ 2,70,000 ಈಗ ಆರಂಭದ ದಾಸ್ತಾನು.

ಕೊಡಬೇಕಾದ ಬಾಡಿಗೆಯ 8,000 ಕೂಡ ಹಾಗೆಯೇ ಮುಂದಕ್ಕೆ ಬಂದಿದೆ. ಏಪ್ರಿಲ್ 5ರಂದು ಮಳಿಗೆಯ ಒಡೆಯರಿಗೆ ಹಣ ಕೊಟ್ಟಾಗ ಡೆಬಿಟ್ ಮಾಡಬೇಕಾದದ್ದು ಈ ಬಾಕಿಯ ಖಾತೆಯನ್ನು. ಅಭ್ಯಾಸದ ಕೈ ಎಂದಿನಂತೆ ಬಾಡಿಗೆ ಖಾತೆಗೇ ಬರೆದುಬಿಟ್ಟರೆ, ಹಿಂದಿನ ವರ್ಷ ಖರ್ಚಿಗೆ ಹಿಡಿದ ಮಾರ್ಚ್ ಬಾಡಿಗೆ ಹೊಸ ವರ್ಷದಲ್ಲಿ ಇನ್ನೊಮ್ಮೆ ಖರ್ಚಾಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಮತ್ತೆ ಹೊಂದಾಣಿಕೆ ಬರೆದಾಗ ಬಾಡಿಗೆ ಖಾತೆಯಲ್ಲಿ ಹದಿಮೂರು ತಿಂಗಳ ಬಾಡಿಗೆ, 1,04,000 ಇರುತ್ತದೆ. ಇದನ್ನು ತಪ್ಪಿಸಲು ಕೆಲವು ಲೆಕ್ಕಿಗರು ಏಪ್ರಿಲ್ 1ರಂದೇ ಹೊಂದಾಣಿಕೆ ಎಂಟ್ರಿಯನ್ನು ತಿರುಗಿಸಿ ಬರೆಯುತ್ತಾರೆ: ಕೊಡಬೇಕಾದ ಬಾಡಿಗೆಗೆ 8,000 ಡೆಬಿಟ್, ಬಾಡಿಗೆ ಖಾತೆಗೆ ಕ್ರೆಡಿಟ್. ಬಾಡಿಗೆ ಖಾತೆ ಆಗ 8,000ದ ಕ್ರೆಡಿಟ್ ಶಿಲ್ಕಿನೊಂದಿಗೆ ವರ್ಷ ಆರಂಭಿಸುತ್ತದೆ. ಏಪ್ರಿಲ್ 5ರಂದು ಅಂಗಡಿಯ ಹುಡುಗ ಎಂದಿನಂತೆ ಅದೇ ಖಾತೆಗೆ 8,000 ಡೆಬಿಟ್ ಬರೆದಾಗ ಅದು ಸೊನ್ನೆಗೆ ಬಂದು ನಿಲ್ಲುತ್ತದೆ.